ಎಚ್‌ಆರ್‌ಎ ದಾಖಲೆ ಕೊಡಿ ಎಂದು ನೋಟಿಸ್ ಬಂದಿದೆಯೇ? ಉತ್ತರ ಸಿದ್ಧಪಡಿಸುವ ಕ್ರಮ

"ಬಾಡಿಗೆ ರಸೀದಿ ಎಲ್ಲಾ ಕೊಟ್ಟಿದ್ದೆ, ಆದರೂ ನೋಟಿಸ್ ಬಂತು, ಈಗ ಏನು ಕಳಿಸಬೇಕು?" ಈ ಪ್ರಶ್ನೆಯನ್ನು ಓದುಗರು ಮತ್ತೆ ಮತ್ತೆ ಕೇಳುತ್ತಿದ್ದಾರೆ. ರಸೀದಿ ಕೊಟ್ಟದ್ದು ಕಂಪನಿಗೆ, ನೋಟಿಸ್ ಕಳಿಸಿರುವುದು ಆದಾಯ ತೆರಿಗೆ ಇಲಾಖೆ. ಕಂಪನಿಯ ಎಚ್‌ಆರ್ ವಿಭಾಗ ರಸೀದಿ ನೋಡಿ ಒಪ್ಪಿಕೊಂಡಿತು ಎಂದ ಮಾತ್ರಕ್ಕೆ ಅಧಿಕಾರಿಯೂ ಒಪ್ಪಬೇಕೆಂದಿಲ್ಲ. ಅವರು ನೋಡುವುದು ಮೂರೇ ವಿಷಯ: ಆ ಮನೆಯಲ್ಲಿ ನೀವು ನಿಜಕ್ಕೂ ಇದ್ದಿರಾ, ಹಣ ನಿಜಕ್ಕೂ ನಿಮ್ಮ ಕೈಯಿಂದ ಹೋಗಿದೆಯಾ, ಅದು ಹೋದದ್ದು ಆ ಮನೆಯ ಮಾಲೀಕರಿಗೇ ಹೌದಾ. ಈ ಮೂರೂ ಒಂದಕ್ಕೊಂದು ಹೊಂದಿಕೆಯಾಗುವಂತೆ ಕಾಗದಪತ್ರ ಜೋಡಿಸಿ ಕೊಡುವುದಷ್ಟೇ ನಿಮ್ಮ ಕೆಲಸ.

ಇಲ್ಲಿ ಬೆಂಗಳೂರಿನ ಸಂಬಳದಾರರೊಬ್ಬರ ಉದಾಹರಣೆ ಇಟ್ಟುಕೊಂಡು ಹೋಗೋಣ. ಹಣಕಾಸು ವರ್ಷ 2024-25, ಅಂದರೆ ಅಸೆಸ್‌ಮೆಂಟ್ ವರ್ಷ 2025-26. ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿಗೆ ಬಂದಿದ್ದರೂ ಹಿಂದಿನ ವರ್ಷಗಳ ರಿಟರ್ನ್‌ಗಳಿಗೆ 1961ರ ಕಾಯ್ದೆಯೇ ಅನ್ವಯ. ಹಾಗಾಗಿ ಸೆಕ್ಷನ್ ಸಂಖ್ಯೆಗಳೆಲ್ಲ ಹಳೆಯ ಕಾಯ್ದೆಯವು.

1. ಮೊದಲು ನೋಟಿಸ್ ಅಸಲಿಯೇ ನೋಡಿ, ಆಮೇಲೆ ಯಾವ ಸೆಕ್ಷನ್ ನೋಡಿ

ಇಮೇಲ್‌ನಲ್ಲೋ ಎಸ್‌ಎಂಎಸ್‌ನಲ್ಲೋ ಬಂದ ಲಿಂಕ್ ಒತ್ತಬೇಡಿ. ನೇರವಾಗಿ incometax.gov.in ತೆರೆಯಿರಿ. ಮುಖಪುಟದಲ್ಲಿ Authenticate Notice/Order Issued by ITD ಎಂಬ ಕೊಂಡಿ ಇದೆ. ನೋಟಿಸ್ ಮೇಲಿರುವ ಡಿಐಎನ್ (ದಾಖಲೆ ಗುರುತಿನ ಸಂಖ್ಯೆ) ಅಲ್ಲಿ ಹಾಕಿದರೆ ಅಸಲಿಯೋ ನಕಲಿಯೋ ಗೊತ್ತಾಗುತ್ತದೆ. 2019ರ ಅಕ್ಟೋಬರ್ 1ರಿಂದ ಇಲಾಖೆಯ ಪತ್ರಗಳಿಗೆ ಈ ಸಂಖ್ಯೆ ಕಡ್ಡಾಯ.

ಲಾಗಿನ್ ಆದ ಮೇಲೆ Pending Actions, ಅದರೊಳಗೆ e-Proceedings. ನಿಮ್ಮ ನೋಟಿಸ್ ಅಲ್ಲಿರುತ್ತದೆ. ಸೆಕ್ಷನ್ 143(1)(ಎ) ಎಂದಿದ್ದರೆ ಅದು ಪರಿಶೀಲನೆಯಲ್ಲ; ರಿಟರ್ನ್ ಮತ್ತು ಫಾರ್ಮ್ 16 ನಡುವೆ ಯಂತ್ರಕ್ಕೆ ಕಂಡ ವ್ಯತ್ಯಾಸ. ಅದಕ್ಕೆ 30 ದಿನದೊಳಗೆ ಒಪ್ಪಿಗೆ ಅಥವಾ ತಕರಾರು ದಾಖಲಿಸಬೇಕು. ಸೆಕ್ಷನ್ 143(2) ಎಂದಿದ್ದರೆ ಅದು ಪರಿಶೀಲನೆ, ಆಡಿಟರ್‌ಗಳ ಬಾಯಲ್ಲಿ 'ಸ್ಕ್ರೂಟಿನಿ'. ಅದರ ಬೆನ್ನಿಗೇ ಸೆಕ್ಷನ್ 142(1)ರ ಅಡಿ ಪ್ರಶ್ನಾವಳಿ ಬರುತ್ತದೆ. ದಾಖಲೆ ಕೇಳುವುದು ಇದರಲ್ಲೇ. ಈ ಲೇಖನ ಇರುವುದು ಈ ಎರಡಕ್ಕೆ.

143(2) ನೋಟಿಸ್‌ಗೆ ಗಡುವಿದೆ. ರಿಟರ್ನ್ ಸಲ್ಲಿಸಿದ ಹಣಕಾಸು ವರ್ಷ ಮುಗಿದು ಮೂರು ತಿಂಗಳೊಳಗೆ ಅದು ನಿಮಗೆ ತಲುಪಬೇಕು. 2025ರ ಆಗಸ್ಟ್‌ನಲ್ಲಿ ರಿಟರ್ನ್ ಹಾಕಿದವರಿಗೆ ಕೊನೆಯ ದಿನ 2026ರ ಜೂನ್ 30. ಆಮೇಲೆ ಬಂದಿದ್ದರೆ ಉತ್ತರ ಕೊಡುವ ಮುನ್ನ ಆಡಿಟರ್‌ಗೆ ತೋರಿಸಿ. ಆ ತಕರಾರನ್ನು ಮೊದಲ ಉತ್ತರದಲ್ಲೇ ಎತ್ತಬೇಕು.

ಉತ್ತರ ಕೊಡಬೇಕಾದ ದಿನಾಂಕವನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ಸುಮ್ಮನಿದ್ದರೆ ಸೆಕ್ಷನ್ 272ಎ ಅಡಿ 10,000 ರೂಪಾಯಿ ದಂಡ ಬೀಳಬಹುದು. ಅದಕ್ಕಿಂತ ಕೆಟ್ಟದ್ದೆಂದರೆ ಸೆಕ್ಷನ್ 144ರಂತೆ ಅಧಿಕಾರಿ ತಮಗೆ ತೋಚಿದ ಲೆಕ್ಕದಲ್ಲಿ ಆದೇಶ ಬರೆದುಬಿಡಬಹುದು. ಆಗ ಎಚ್‌ಆರ್‌ಎ ಪೂರ್ತಿ ಹೋಗುತ್ತದೆ.

2. ವಿನಾಯಿತಿಯನ್ನು ಹೊಸದಾಗಿ ಲೆಕ್ಕ ಹಾಕಿ

ಹೆಚ್ಚಿನವರು ನೇರವಾಗಿ ದಾಖಲೆ ಹುಡುಕಲು ಕೂರುತ್ತಾರೆ. ಅದಕ್ಕೆ ಮೊದಲು ಲೆಕ್ಕ ಹಾಕಬೇಕು. ನೀವು ಕೇಳಿದ ಮೊತ್ತವೇ ತಪ್ಪಾಗಿದ್ದರೆ ನಿಮ್ಮದೇ ದಾಖಲೆ ನಿಮ್ಮ ವಿರುದ್ಧ ಸಾಕ್ಷಿ ಹೇಳುತ್ತದೆ.

ಎಚ್‌ಆರ್‌ಎ ವಿನಾಯಿತಿ ಸಿಗುವುದು ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ. ಸೆಕ್ಷನ್ 10(13ಎ), ನಿಯಮ 2ಎ ಪ್ರಕಾರ ಮೂರು ಮೊತ್ತಗಳಲ್ಲಿ ಯಾವುದು ಕಡಿಮೆಯೋ ಅಷ್ಟು: ಕೈಗೆ ಬಂದ ಎಚ್‌ಆರ್‌ಎ, ಕೊಟ್ಟ ಬಾಡಿಗೆಯಲ್ಲಿ ಸಂಬಳದ 10% ಕಳೆದು ಉಳಿದದ್ದು, ಸಂಬಳದ 40%. ಮುಂಬೈ, ದೆಹಲಿ, ಕೋಲ್ಕತ್ತ, ಚೆನ್ನೈಗಳಲ್ಲಿ ಮಾತ್ರ 40ರ ಬದಲು 50%. 2024-25ರ ಲೆಕ್ಕಕ್ಕೆ ಬೆಂಗಳೂರು 40ರ ಪಟ್ಟಿಯಲ್ಲೇ ಇದೆ. 'ಮೆಟ್ರೋ ಊರು ತಾನೇ' ಎಂದು 50 ಹಾಕಿದವರು ಬಹಳ ಜನ. 'ಸಂಬಳ' ಎಂದರೆ ಇಲ್ಲಿ ಮೂಲ ವೇತನ (ಬೇಸಿಕ್), ಜೊತೆಗೆ ನಿವೃತ್ತಿ ಸೌಲಭ್ಯಕ್ಕೆ ಲೆಕ್ಕಕ್ಕೆ ಬರುವ ತುಟ್ಟಿಭತ್ಯೆ. ವಹಿವಾಟಿನ ಮೇಲೆ ನಿಗದಿತ ಶೇಕಡಾವಾರು ಕಮಿಷನ್ ಇದ್ದರೆ ಅದೂ ಸೇರುತ್ತದೆ. ಸ್ಪೆಷಲ್ ಅಲೊವೆನ್ಸ್, ಬೋನಸ್ ಸೇರುವುದಿಲ್ಲ.

ನಮ್ಮ ಉದಾಹರಣೆಯವರ ಬೇಸಿಕ್ ತಿಂಗಳಿಗೆ 60,000, ಎಚ್‌ಆರ್‌ಎ 24,000. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ವಿಜಯನಗರದ ಮನೆ, ಬಾಡಿಗೆ 20,000. ಜೂನ್‌ನಿಂದ ಬನಶಂಕರಿಯ ಮನೆ, ಬಾಡಿಗೆ 24,000, ಮೇಲೆ 1,500 ನಿರ್ವಹಣಾ ಶುಲ್ಕ. ಕಂಪನಿಗೆ ಜನವರಿಯಲ್ಲಿ ಪ್ರೂಫ್ ಕೊಡುವಾಗ ಹೊಸ ಮನೆಯ ಬಾಡಿಗೆಯನ್ನೇ ಹನ್ನೆರಡು ತಿಂಗಳಿಗೂ ಹಾಕಿದ್ದರು: 2,88,000. ಅದರಲ್ಲಿ ಬೇಸಿಕ್‌ನ 10%, ಅಂದರೆ 72,000 ಕಳೆದು 2,16,000 ವಿನಾಯಿತಿ ಪಡೆದರು.

ಸರಿಯಾದ ಲೆಕ್ಕ ತಿಂಗಳವಾರು ಹೀಗೆ. ಏಪ್ರಿಲ್, ಮೇ: 20,000ರಲ್ಲಿ 6,000 ಕಳೆದರೆ 14,000, ಎರಡು ತಿಂಗಳಿಗೆ 28,000. ಜೂನ್‌ನಿಂದ ಮಾರ್ಚ್: 24,000ರಲ್ಲಿ 6,000 ಕಳೆದರೆ 18,000, ಹತ್ತು ತಿಂಗಳಿಗೆ 1,80,000. ಒಟ್ಟು 2,08,000. ಬಂದ ಎಚ್‌ಆರ್‌ಎಯೂ ಬೇಸಿಕ್‌ನ 40 ಪರ್ಸೆಂಟೂ ತಿಂಗಳಿಗೆ 24,000 ಆಗುವುದರಿಂದ ಬಾಡಿಗೆಯ ಲೆಕ್ಕವೇ ಕಡಿಮೆ. ಅಂದರೆ 8,000 ಹೆಚ್ಚಿಗೆ ಕೇಳಿದ್ದಾರೆ. 30% ಹಂತದಲ್ಲಿರುವವರಿಗೆ ಸೆಸ್ ಸೇರಿ ಇದರ ಮೇಲಿನ ತೆರಿಗೆ 2,496 ರೂಪಾಯಿ. ಇದನ್ನು ಉತ್ತರದಲ್ಲಿ ತಾವಾಗಿಯೇ ಒಪ್ಪಿಕೊಳ್ಳುವುದು ಜಾಣತನ. ಹೇಗೂ ವಿಜಯನಗರದ ಕರಾರು ಲಗತ್ತಿಸಿದ ಕೂಡಲೇ ಅದು ಕಣ್ಣಿಗೆ ಬೀಳುತ್ತದೆ. ಎಂಟು ಸಾವಿರ ಮುಚ್ಚಿಡಲು ಹೋಗಿ ಉಳಿದ ಎರಡು ಲಕ್ಷದ ಮೇಲೆ ಅನುಮಾನ ತರಿಸಿಕೊಳ್ಳುವುದು ಯಾಕೆ?

ನಿರ್ವಹಣಾ ಶುಲ್ಕ, ಕರೆಂಟ್ ಬಿಲ್, ನೀರಿನ ಬಿಲ್ ಬಾಡಿಗೆಯಲ್ಲ. ಅಡ್ವಾನ್ಸ್ ಕೂಡ ಬಾಡಿಗೆಯಲ್ಲ. ಬೆಂಗಳೂರಿನ 'ಲೀಸ್' ಮನೆಯವರು ವಿಶೇಷವಾಗಿ ಗಮನಿಸಿ. ಹತ್ತೋ ಹದಿನೈದೋ ಲಕ್ಷ ಒಟ್ಟಿಗೆ ಕೊಟ್ಟು ಬಾಡಿಗೆಯಿಲ್ಲದೆ ಇರುವ ಭೋಗ್ಯದ ವ್ಯವಸ್ಥೆ ಅದು. ತಿಂಗಳ ಬಾಡಿಗೆ ಕೊಟ್ಟೇ ಇಲ್ಲವಾದ್ದರಿಂದ ವಿನಾಯಿತಿಯ ಪ್ರಶ್ನೆಯೇ ಇಲ್ಲ. ಆ ಹಣಕ್ಕೆ ಬ್ಯಾಂಕ್ ಬಡ್ಡಿ ಕಟ್ಟಿದ್ದರೂ ಅದು ಬಾಡಿಗೆ ಆಗುವುದಿಲ್ಲ.

3. ದಾಖಲೆಗಳನ್ನು ಒಟ್ಟುಮಾಡಿ

ಬೇಕಾದವು ಇವು: ಫಾರ್ಮ್ 16, ಎಲ್ಲ ತಿಂಗಳ ಸಂಬಳ ಚೀಟಿ, ಆ ವರ್ಷಕ್ಕೆ ಸಂಬಂಧಿಸಿದ ಎಲ್ಲ ಬಾಡಿಗೆ ಕರಾರುಗಳು, ಬಾಡಿಗೆ ಹೋದ ಖಾತೆಯ ಬ್ಯಾಂಕ್ ಸ್ಟೇಟ್‌ಮೆಂಟ್, ರಸೀದಿಗಳು, ಮಾಲೀಕರ ಪ್ಯಾನ್ ಮತ್ತು ಅವರ ದೃಢೀಕರಣ ಪತ್ರ, ನೀವು ಆ ಮನೆಯಲ್ಲಿದ್ದುದಕ್ಕೆ ಒಂದೆರಡು ಪುರಾವೆ.

ಇವುಗಳಲ್ಲಿ ತೂಕ ಹೆಚ್ಚಿರುವುದು ಬ್ಯಾಂಕ್ ಸ್ಟೇಟ್‌ಮೆಂಟ್‌ಗೆ. ಹಿಂದಿನ ಮಾರ್ಚ್‌ನಿಂದ ಮುಂದಿನ ಏಪ್ರಿಲ್‌ವರೆಗೆ ತೆಗೆಯಿರಿ, ಏಕೆಂದರೆ ಒಂದು ತಿಂಗಳ ಬಾಡಿಗೆ ಕೆಲವೊಮ್ಮೆ ಮುಂದಿನ ತಿಂಗಳು ಹೋಗಿರುತ್ತದೆ. ಬ್ಯಾಂಕಿನಿಂದ ಬಂದ ಪಿಡಿಎಫ್ ಇರಲಿ, ಯುಪಿಐ ಆಪ್‌ನ ಸ್ಕ್ರೀನ್‌ಶಾಟ್ ಬೇಡ. ಅದರಲ್ಲಿ ಖಾತೆ ಯಾರದೆಂದು ಪೂರ್ತಿ ಕಾಣುವುದಿಲ್ಲ. ಕ್ರೆಡಿಟ್ ಕಾರ್ಡ್ ಮೂಲಕ ಬಾಡಿಗೆ ಕಟ್ಟುವ ಆಪ್ ಬಳಸಿದ್ದರೆ ಸ್ಟೇಟ್‌ಮೆಂಟ್‌ನಲ್ಲಿ ಆಪ್‌ನ ಹೆಸರಷ್ಟೇ ಇರುತ್ತದೆ. ಹಣ ಯಾವ ಖಾತೆಗೆ ಹೋಯಿತೆಂದು ತೋರಿಸುವ ಆಪ್‌ನ ರಸೀದಿಯನ್ನು ಪ್ರತಿ ತಿಂಗಳಿಗೂ ಇಳಿಸಿಕೊಳ್ಳಿ.

ತೂಕ ಕಡಿಮೆ ಇರುವುದು ರಸೀದಿಗೆ. ಹನ್ನೆರಡು ರಸೀದಿಗಳನ್ನು ಒಂದೇ ದಿನ, ಒಂದೇ ಪೆನ್ನಿನಲ್ಲಿ ಬರೆದು ಸಹಿ ಹಾಕಿಸಿದ್ದು ನೋಡಿದ ಕೂಡಲೇ ತಿಳಿಯುತ್ತದೆ. ರಸೀದಿ ಇಲ್ಲದಿದ್ದರೆ ಈಗ ಹಿಂದಿನ ದಿನಾಂಕ ಹಾಕಿ ತಯಾರಿಸಬೇಡಿ. ಇವತ್ತಿನ ದಿನಾಂಕದಲ್ಲೇ ಮಾಲೀಕರಿಂದ ಒಂದು ದೃಢೀಕರಣ ಪತ್ರ ಪಡೆಯಿರಿ: ಯಾವ ಮನೆ, ಯಾವ ಅವಧಿ, ತಿಂಗಳಿಗೆ ಎಷ್ಟು, ಹೇಗೆ ತಲುಪಿತು, ಮಾಲೀಕರ ಪ್ಯಾನ್, ಸಹಿ. ಇದು ಪ್ರಾಮಾಣಿಕ ದಾಖಲೆ, ಕೆಲಸಕ್ಕೂ ಬರುತ್ತದೆ.

ಕರಾರಿನ ವಿಷಯದಲ್ಲೂ ಇದೇ ಮಾತು. ಇ-ಸ್ಟ್ಯಾಂಪ್ ಹಾಳೆಯ ನೆತ್ತಿಯ ಮೇಲೆ IN-KA ಎಂದು ಶುರುವಾಗುವ ಪ್ರಮಾಣಪತ್ರ ಸಂಖ್ಯೆ ಇದೆ, ಅದರ ಕೆಳಗೇ ಹಾಳೆ ಕೊಂಡ ದಿನಾಂಕ, ಗಂಟೆ, ನಿಮಿಷ ಅಚ್ಚಾಗಿರುತ್ತದೆ. 2026ರಲ್ಲಿ ಕೊಂಡ ಹಾಳೆಯಲ್ಲಿ '2024ರ ಜೂನ್ 1ರಂದು ಬರೆದುಕೊಟ್ಟ ಕರಾರು' ಎಂದು ಟೈಪ್ ಮಾಡಿಸಿ ಕಳಿಸಿದರೆ, ನಿಜವಾಗಿ ಬಾಡಿಗೆ ಕೊಟ್ಟವರೂ ಸುಳ್ಳುಗಾರರಾಗುತ್ತಾರೆ. ಕರಾರೇ ಆಗಿರಲಿಲ್ಲ ಎಂದರೆ 'ಬಾಯಿಮಾತಿನ ಒಪ್ಪಂದ' ಎಂದು ಹಾಗೇ ಬರೆಯಿರಿ. ಹನ್ನೊಂದು ತಿಂಗಳ ಕರಾರು ನಡುವೆ ಮುಗಿದು ನವೀಕರಣ ಆಗಿರದಿದ್ದರೆ ಅದನ್ನೂ ಹೇಳಿ, ಆ ತಿಂಗಳುಗಳಿಗೆ ಬ್ಯಾಂಕ್ ಪಾವತಿ ತೋರಿಸಿ.

ವಾಸದ ಪುರಾವೆಗೆ ಬೆಸ್ಕಾಂ ಬಿಲ್ ಸಾಮಾನ್ಯವಾಗಿ ಮಾಲೀಕರ ಹೆಸರಲ್ಲೇ ಇರುತ್ತದೆ, ಅದರಿಂದ ತೊಂದರೆಯಿಲ್ಲ. ಬಿಲ್‌ನ ಆರ್‌ಆರ್ ಸಂಖ್ಯೆ ಮತ್ತು ವಿಳಾಸ ಮನೆಯನ್ನು ಗುರುತಿಸುತ್ತದೆ, ನೀವು ಅದನ್ನು ನಿಮ್ಮ ಖಾತೆಯಿಂದ ಕಟ್ಟಿರುವುದು ನಿಮ್ಮನ್ನು ಅಲ್ಲಿಗೆ ಸೇರಿಸುತ್ತದೆ. ಗ್ಯಾಸ್ ಬಿಲ್, ಬ್ರಾಡ್‌ಬ್ಯಾಂಡ್ ಬಿಲ್, ಆ ವಿಳಾಸಕ್ಕೆ ಬಂದ ಬ್ಯಾಂಕ್ ಪತ್ರ, ಅಪಾರ್ಟ್‌ಮೆಂಟ್ ಸಂಘದ ನಿರ್ವಹಣಾ ರಸೀದಿ ಯಾವುದಾದರೂ ಆದೀತು.

4. ಮಾಲೀಕರ ಕಡೆಯ ಗಂಟುಗಳನ್ನು ಬಿಡಿಸಿ

ವರ್ಷದ ಬಾಡಿಗೆ ಒಂದು ಲಕ್ಷ ಮೀರಿದರೆ ಕಂಪನಿಗೆ ಮಾಲೀಕರ ಪ್ಯಾನ್ ಕೊಡಬೇಕು. ನೋಟಿಸ್‌ಗಳು ಹುಟ್ಟುವುದು ಬಹುಮಟ್ಟಿಗೆ ಇಲ್ಲಿಂದಲೇ. ನೀವು ಇಷ್ಟು ಬಾಡಿಗೆ ಕೊಟ್ಟೆ ಎಂದಿರಿ, ಆ ಪ್ಯಾನ್‌ನವರ ರಿಟರ್ನ್‌ನಲ್ಲಿ ಅಷ್ಟು ಬಾಡಿಗೆ ಆದಾಯ ಕಾಣಲಿಲ್ಲ. ಪ್ಯಾನ್‌ನ ಒಂದಕ್ಷರ ತಪ್ಪು ಬಿದ್ದಿದ್ದರೂ ಸಾಕು, ಬಾಡಿಗೆ ಇನ್ಯಾರದೋ ತಲೆಗೆ ಹೋಗಿರುತ್ತದೆ. ಆದ್ದರಿಂದ ಕಂಪನಿಗೆ ಕೊಟ್ಟ ಫಾರ್ಮ್ 12ಬಿಬಿ ತರಿಸಿಕೊಂಡು ಅದರಲ್ಲಿರುವ ಪ್ಯಾನ್ ಅನ್ನು ಕರಾರಿನ ಜೊತೆ ಅಕ್ಷರಕ್ಕೆ ಅಕ್ಷರ ಹೋಲಿಸಿ.

ಎರಡನೆಯ ಗಂಟು: ಕರಾರು ತಂದೆಯ ಹೆಸರಲ್ಲಿ, ಹಣ ಹೋದದ್ದು ಮಗನ ಖಾತೆಗೆ. ಬನಶಂಕರಿಯ ಮನೆಯಲ್ಲಿ ಆದದ್ದೂ ಇದೇ. ಮಾಲೀಕರು ವಯಸ್ಸಾದವರು, 'ಮಗನ ನಂಬರ್‌ಗೆ ಹಾಕಿ' ಎಂದಿದ್ದರು. ಇದಕ್ಕೆ ದೃಢೀಕರಣ ಪತ್ರದಲ್ಲಿ 'ನನ್ನ ಸೂಚನೆಯಂತೆ ಬಾಡಿಗೆಯನ್ನು ನನ್ನ ಮಗನ ಇಂಥ ಖಾತೆಗೆ ಹಾಕಲಾಗಿದೆ, ಅದು ನನ್ನ ಬಾಡಿಗೆಯೇ' ಎಂಬ ಒಂದು ಸಾಲು ಸೇರಿಸಿದರೆ ಸಾಕು. ಆ ಸಾಲಿಲ್ಲದಿದ್ದರೆ ಅಧಿಕಾರಿಗೆ ಕಾಣುವುದು ಅಪರಿಚಿತನಿಗೆ ಹೋದ ಹಣ.

ತಂದೆ ತಾಯಿಗೆ ಬಾಡಿಗೆ ಕೊಟ್ಟವರಿಗೆ ಇನ್ನೂ ಹೆಚ್ಚಿನ ತಯಾರಿ ಬೇಕು. ಮನೆ ಅವರ ಹೆಸರಲ್ಲಿರುವುದಕ್ಕೆ ಖಾತಾ ಅಥವಾ ಆಸ್ತಿ ತೆರಿಗೆ ರಸೀದಿ, ಬಾಡಿಗೆ ತೋರಿಸಿರುವ ಅವರ ರಿಟರ್ನ್, ಬ್ಯಾಂಕ್ ಪಾವತಿ ಮೂರೂ ಇರಲಿ. 2017ರಲ್ಲಿ ಮುಂಬೈಯ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿ ತಾಯಿಗೆ ಕೊಟ್ಟೆ ಎಂದ ಬಾಡಿಗೆಯನ್ನು ಒಪ್ಪಲಿಲ್ಲ. ತಾಯಿಗೆ ಕೊಡಬಾರದು ಎಂಬುದು ಅದರ ಕಾರಣವಾಗಿರಲಿಲ್ಲ. ಹಣ ನಗದಿನಲ್ಲಿ ಕೊಟ್ಟದ್ದು ಎನ್ನಲಾಗಿತ್ತು, ಅವರು ಆ ಮನೆಯಲ್ಲಿ ವಾಸವಿದ್ದರು ಎನ್ನಲು ಪುರಾವೆಯೇ ಇರಲಿಲ್ಲ. ನೀವಿರುವ ಮನೆ ನಿಮ್ಮದೇ ಹೆಸರಲ್ಲಿದ್ದರೆ ಮಾತ್ರ ಯಾವ ಪತ್ರವೂ ಉಳಿಸುವುದಿಲ್ಲ.

ಬಾಡಿಗೆ ತಿಂಗಳಿಗೆ 50,000 ಮೀರಿದ್ದರೆ ಸೆಕ್ಷನ್ 194-ಐಬಿ ಅಡಿ ನೀವೇ ಟಿಡಿಎಸ್ ಮುರಿದು ಫಾರ್ಮ್ 26ಕ್ಯೂಸಿ ಸಲ್ಲಿಸಿರಬೇಕು. ಅದರ ಪ್ರತಿ ಲಗತ್ತಿಸಿ. ಮರೆತಿದ್ದರೆ ಉತ್ತರಕ್ಕೆ ಮೊದಲು ಆಡಿಟರ್ ಹತ್ತಿರ ಕೂತು ಅದನ್ನು ಸರಿಮಾಡಿಕೊಳ್ಳಿ. ಮಾಲೀಕರು ವಿದೇಶದಲ್ಲಿದ್ದು ಅನಿವಾಸಿಯಾಗಿದ್ದರೆ ಈ 50,000ದ ಮಿತಿ ಅನ್ವಯಿಸುವುದಿಲ್ಲ. ಅಲ್ಲಿ ಸೆಕ್ಷನ್ 195ರ ಬೇರೆ ನಿಯಮವಿದೆ.

ಓನರ್ ಪ್ಯಾನ್ ಕೊಡಲು, ಸಹಿ ಹಾಕಲು ಒಪ್ಪದಿದ್ದರೆ? ಅವರಿಗೆ ವಾಟ್ಸ್‌ಆ್ಯಪ್ ಅಥವಾ ಇಮೇಲ್‌ನಲ್ಲಿ ಬರವಣಿಗೆಯಲ್ಲೇ ಕೇಳಿ, ಅದರ ಪ್ರತಿ ಲಗತ್ತಿಸಿ. ಮಾಲೀಕರ ಹೆಸರು, ವಿಳಾಸ, ಹಣ ಹೋದ ಖಾತೆ ಸಂಖ್ಯೆ ಕೊಟ್ಟು ಅಗತ್ಯವಿದ್ದರೆ ಸೆಕ್ಷನ್ 133(6) ಅಡಿ ಅವರಿಂದಲೇ ಮಾಹಿತಿ ಪಡೆಯಿರಿ ಎಂದು ಉತ್ತರದಲ್ಲಿ ಕೋರಿ. ಮಾಲೀಕರು ತಮ್ಮ ರಿಟರ್ನ್‌ನಲ್ಲಿ ಬಾಡಿಗೆ ತೋರಿಸದಿರುವುದು ಅವರ ತಪ್ಪು. ನೀವು ಹಣ ಕೊಟ್ಟದ್ದು ಬ್ಯಾಂಕಿನಲ್ಲಿ ಕಾಣುತ್ತಿದ್ದರೆ ಅದೊಂದೇ ಕಾರಣಕ್ಕೆ ನಿಮ್ಮ ವಿನಾಯಿತಿ ಹೋಗಬಾರದು.

5. ತಿಂಗಳವಾರು ತಾಳೆ ಪಟ್ಟಿ ಮಾಡಿ

ಉತ್ತರದ ಜೀವ ಇರುವುದು ಈ ಒಂದು ಪುಟದಲ್ಲಿ. ಸ್ಟೇಟ್‌ಮೆಂಟ್‌ನ ಅರವತ್ತು ಪುಟ ಕೊಟ್ಟು 'ಹುಡುಕಿಕೊಳ್ಳಿ' ಎಂದರೆ ಯಾರೂ ಹುಡುಕುವುದಿಲ್ಲ. ಪ್ರತಿ ತಿಂಗಳಿಗೆ ಒಂದು ಸಾಲು, ಆ ಸಾಲಿನ ಕೊನೆಗೆ ಪುರಾವೆ ಇರುವ ಪುಟ ಸಂಖ್ಯೆ. ನಮ್ಮ ಉದಾಹರಣೆಯ ಕೆಲವು ಸಾಲುಗಳು ಹೀಗಿರುತ್ತವೆ:

| ತಿಂಗಳು | ಮನೆ | ಬಾಡಿಗೆ | ಖಾತೆಯಿಂದ ಹೋದದ್ದು | ವಿವರ | ಪುಟ |
|---|---|---|---|---|---|
| ಮೇ 2024 | ವಿಜಯನಗರ | 20,000 | 20,000 | ಯುಪಿಐ, ಮೇ 4 | 3 |
| ಜೂನ್ 2024 | ಬನಶಂಕರಿ | 24,000 | 25,500 | ಯುಪಿಐ, ಜೂನ್ 3. 1,500 ನಿರ್ವಹಣೆ | 5 |
| ಅಕ್ಟೋಬರ್ 2024 | ಬನಶಂಕರಿ | 24,000 | 26,000 | ನಗದು. ಎಟಿಎಂ ಅಕ್ಟೋಬರ್ 4, ರಸೀದಿ ಅಕ್ಟೋಬರ್ 5 | 11, 31 |

ಜೂನ್ ಸಾಲಿನಲ್ಲಿ 1,500ರ ವ್ಯತ್ಯಾಸವನ್ನು ನೀವೇ ಬರೆದುಬಿಟ್ಟರೆ ಅದು ಪ್ರಶ್ನೆಯಾಗಿ ವಾಪಸ್ ಬರುವುದಿಲ್ಲ. ಅಡ್ವಾನ್ಸ್‌ನಲ್ಲಿ ಮುರಿದುಕೊಂಡ ತಿಂಗಳಿದ್ದರೆ ಅದನ್ನೂ ಹೀಗೆಯೇ ಬರೆಯಿರಿ, ಅಡ್ವಾನ್ಸ್ ಕೊಟ್ಟ ದಿನದ ಪುಟವನ್ನು ತೋರಿಸಿ.

ನಗದು ಕೊಟ್ಟದ್ದು ತಾನಾಗಿ ತಪ್ಪಲ್ಲ. ಅದರ ಹಿಂದೆಮುಂದೆ ಹಣ ತೆಗೆದ ಗುರುತು ಇರಬೇಕು, ಮೊತ್ತ ಹತ್ತಿರ ಇರಬೇಕು. ಐದು ಸಾವಿರ ಮೀರಿದ ನಗದು ರಸೀದಿಗೆ ಒಂದು ರೂಪಾಯಿ ರೆವೆನ್ಯೂ ಸ್ಟ್ಯಾಂಪ್ ಇರಬೇಕು. ಹನ್ನೆರಡು ತಿಂಗಳೂ ನಗದು, ಎಟಿಎಂನಿಂದ ತೆಗೆದದ್ದು ತಿಂಗಳಿಗೆ ಎರಡು ಮೂರು ಸಾವಿರ ಎಂದಾದರೆ ಆ ವಿನಾಯಿತಿ ಉಳಿಯುವುದು ಕಷ್ಟ.

6. ಉತ್ತರ ಬರೆದು ಏರಿಸಿ

ಉತ್ತರ ಪತ್ರ ಒಂದೂವರೆ ಪುಟ ಮೀರದಿರಲಿ. ಮೇಲೆ ಪ್ಯಾನ್, ಅಸೆಸ್‌ಮೆಂಟ್ ವರ್ಷ, ನೋಟಿಸ್‌ನ ಡಿಐಎನ್ ಮತ್ತು ದಿನಾಂಕ. ಪ್ರಶ್ನಾವಳಿಯಲ್ಲಿ ಪ್ರಶ್ನೆಗಳಿರುವ ಕ್ರಮದಲ್ಲೇ ಉತ್ತರ, ಪ್ರತಿಯೊಂದರ ಮುಂದೆ ಲಗತ್ತಿನ ಸಂಖ್ಯೆ. ನಂತರ ಸರಿಪಡಿಸಿದ ಲೆಕ್ಕ: 'ಕೇಳಿದ್ದು 2,16,000, ಸಿಗಬೇಕಾದ್ದು 2,08,000, ಮನೆ ಬದಲಿಸಿದ್ದನ್ನು ಕಂಪನಿಗೆ ತಿಳಿಸದೆ ಇದ್ದುದರಿಂದ 8,000 ಹೆಚ್ಚಾಗಿದೆ, ಅದನ್ನು ಆದಾಯಕ್ಕೆ ಸೇರಿಸಲು ನನ್ನ ಒಪ್ಪಿಗೆಯಿದೆ.' ಕೇಳದ ವಿಷಯಕ್ಕೆ ಕೈ ಹಾಕಬೇಡಿ. ಎಚ್‌ಆರ್‌ಎ ಬಗ್ಗೆ ಮಾತ್ರ ಕೇಳಿದ್ದರೆ ಸಂಬಂಧವಿಲ್ಲದ ಇನ್ನೊಂದು ಖಾತೆಯ ಸ್ಟೇಟ್‌ಮೆಂಟ್ ಕಳಿಸುವ ಅಗತ್ಯವಿಲ್ಲ.

ಒಂದೊಂದು ಕಡತ 5 ಎಂಬಿ ಒಳಗಿರಬೇಕು. ಹೆಸರಿನಲ್ಲಿ ವಿಶೇಷ ಚಿಹ್ನೆ ಬೇಡ:

```
01_Reply.pdf
02_HRA_Working.pdf
03_Bank_Statement.pdf
04_Rent_Agreements.pdf
05_Landlord_Confirmation.pdf
```

ಬ್ಯಾಂಕ್‌ನಿಂದ ಬಂದ ಪಿಡಿಎಫ್‌ಗೆ ಪಾಸ್‌ವರ್ಡ್ ಇರುತ್ತದೆ. ಹಾಗೇ ಏರಿಸಿದರೆ ಅತ್ತ ಕಡೆ ಅದು ತೆರೆಯುವುದಿಲ್ಲ, ನಿಮ್ಮ ಅತಿ ಮುಖ್ಯ ದಾಖಲೆ ಇದ್ದೂ ಇಲ್ಲದಂತೆ. ತೆರೆದು, ಪ್ರಿಂಟ್‌ಗೆ ಕೊಟ್ಟು ಹೊಸ ಪಿಡಿಎಫ್ ಆಗಿ ಉಳಿಸಿಕೊಳ್ಳಿ, ಬಾಡಿಗೆಯ ಸಾಲುಗಳಿಗೆ ಹಳದಿ ಬಣ್ಣ ಬಳಿಯಿರಿ.

e-Proceedings ಒಳಗೆ ನೋಟಿಸ್ ತೆರೆದು Submit Response ಒತ್ತಿ. ಅಲ್ಲಿ Partial Response, Full Response ಎಂಬ ಎರಡು ಆಯ್ಕೆ ಇವೆ. ಮಾಲೀಕರ ಪತ್ರ ಇನ್ನೂ ಕೈಸೇರಿಲ್ಲವಾದರೆ ಇದ್ದುದನ್ನು ಗಡುವಿನೊಳಗೆ Partial ಎಂದು ಹಾಕಿ. ಅವಸರದಲ್ಲಿ Full ಒತ್ತಿದರೆ ಉಳಿದದ್ದನ್ನು ಸೇರಿಸಲು ಜಾಗವಿರುವುದಿಲ್ಲ. ಏನೂ ಸಿದ್ಧವಾಗಿಲ್ಲದಿದ್ದರೆ ಗಡುವು ಮುಗಿಯುವ ಮೊದಲೇ Seek/View Adjournment ಮೂಲಕ ಕಾರಣ ಬರೆದು ಕಾಲಾವಕಾಶ ಕೇಳಿ. ಸಲ್ಲಿಸಿದ ಮೇಲೆ ಬರುವ ಸ್ವೀಕೃತಿಯನ್ನು ಇಳಿಸಿ ಇಟ್ಟುಕೊಳ್ಳಿ.

7. ಕೊಡಲು ಪುರಾವೆಯೇ ಇಲ್ಲದಿದ್ದರೆ

ಬಾಡಿಗೆ ಕೊಡದೆಯೇ ಎಚ್‌ಆರ್‌ಎ ಕೇಳಿದವರೂ ಇದ್ದಾರೆ. ಅವರಿಗೆ ನಮ್ಮ ಸಲಹೆ: ಇನ್ನೊಂದು ಕಾಗದ ಹುಟ್ಟಿಸಬೇಡಿ. ಸೆಕ್ಷನ್ 270ಎ ಪ್ರಕಾರ ಆದಾಯ ಕಡಿಮೆ ತೋರಿಸಿದ್ದಕ್ಕೆ ದಂಡ ಆ ತೆರಿಗೆಯ 50%, ಸುಳ್ಳು ತೋರಿಸಿದ್ದಕ್ಕೆ 200%. ಕೃತಕ ರಸೀದಿ ಸೇರಿಸಿದರೆ ಎರಡನೆಯ ಗುಂಪಿಗೆ ನೀವೇ ನಡೆದುಹೋದಂತೆ. ಜೊತೆಗೆ ಸುಳ್ಳು ಹೇಳಿಕೆಗೆ ಸೆಕ್ಷನ್ 277ರ ಅಡಿ ಕ್ರಿಮಿನಲ್ ಮೊಕದ್ದಮೆಯ ಬಾಗಿಲೂ ತೆರೆಯುತ್ತದೆ. ಪರಿಶೀಲನೆ ನಡೆಯುತ್ತಿರುವಾಗ ಆ ವರ್ಷಕ್ಕೆ ಅಪ್‌ಡೇಟೆಡ್ ರಿಟರ್ನ್ (ಐಟಿಆರ್-ಯು) ಹಾಕುವ ದಾರಿಯೂ ಮುಚ್ಚಿರುತ್ತದೆ. ವಿನಾಯಿತಿ ಬಿಟ್ಟುಕೊಡುವುದಾಗಿ ಉತ್ತರದಲ್ಲೇ ಬರೆದು, ತೆರಿಗೆ ಮತ್ತು ಬಡ್ಡಿ ಕಟ್ಟಿ. ಮೇಲ್ಮನವಿ ಹೋಗದೆ ಸೆಕ್ಷನ್ 270ಎಎ ಅಡಿ ದಂಡದಿಂದ ಮಾಫಿ ಕೇಳಲು ನಿಮ್ಮ ಪ್ರಕರಣದಲ್ಲಿ ಅವಕಾಶವಿದೆಯೇ ಎಂದು ಆಡಿಟರ್‌ರಿಂದ ತಿಳಿದುಕೊಳ್ಳಿ. ಆ ಅರ್ಜಿಗೆ (ಫಾರ್ಮ್ 68) ಆದೇಶ ಕೈಸೇರಿದ ತಿಂಗಳು ಮುಗಿದ ಮೇಲೆ ಒಂದು ತಿಂಗಳ ಕಾಲಾವಕಾಶ ಮಾತ್ರ.

8. ಉತ್ತರ ಕೊಟ್ಟ ಮೇಲೆ

ಅಧಿಕಾರಿ ಎದುರಿಗೆ ಸಿಗುವುದಿಲ್ಲ, ಎಲ್ಲವೂ ಪೋರ್ಟಲ್‌ನಲ್ಲೇ. ಉತ್ತರ ಸಾಲದಿದ್ದರೆ ಇನ್ನೊಂದು 142(1) ಬರಬಹುದು, ಅಥವಾ 'ಇಷ್ಟು ಮೊತ್ತ ಆದಾಯಕ್ಕೆ ಸೇರಿಸಲಿದ್ದೇವೆ, ಯಾಕೆ ಸೇರಿಸಬಾರದು ಹೇಳಿ' ಎಂಬ ಕಾರಣ ಕೇಳುವ ನೋಟಿಸ್ ಬರಬಹುದು. ಇದಕ್ಕೆ ಕೊಡುವ ಗಡುವು ಸಣ್ಣದು, ಆದ್ದರಿಂದ ವಾರಕ್ಕೆರಡು ಸಲವಾದರೂ ಲಾಗಿನ್ ಆಗಿ ನೋಡಿ. ಇಮೇಲ್ ಸ್ಪ್ಯಾಮ್‌ಗೆ ಹೋಗಿತ್ತು ಎಂಬ ಸಮಜಾಯಿಷಿ ನಡೆಯುವುದಿಲ್ಲ. ಬಾಯಿಮಾತಿನಲ್ಲಿ ವಿವರಿಸಬೇಕು ಎನಿಸಿದರೆ ವಿಡಿಯೋ ಕಾನ್ಫರೆನ್ಸ್ ವಿಚಾರಣೆ ಕೋರುವುದು ಈ ಹಂತದಲ್ಲೇ. ವಿಚಾರಣೆಯ ದಿನ ತಾಳೆ ಪಟ್ಟಿ ಎದುರಿಗಿರಲಿ.

ಕೊನೆಗೆ 143(3) ಆದೇಶ ಬರುತ್ತದೆ. ನಮ್ಮ ಉದಾಹರಣೆಯ ವರ್ಷಕ್ಕೆ ಅದು 2027ರ ಮಾರ್ಚ್ 31ರೊಳಗೆ ಆಗಬೇಕು. ಆದೇಶದ ಜೊತೆ ಬರುವ ಲೆಕ್ಕದ ಹಾಳೆಯಲ್ಲಿ ಸೇರಿಸಿರುವುದು 8,000ವೋ 2,16,000ವೋ ಎಂದು ನೋಡಿ. ಉತ್ತರದಲ್ಲಿ ಒಪ್ಪಿದ್ದಕ್ಕಿಂತ ಹೆಚ್ಚಿಗೆ ಸೇರಿಸಿದ್ದರೆ ಫಾರ್ಮ್ 35ರಲ್ಲಿ ಮೇಲ್ಮನವಿ ಸಲ್ಲಿಸಲು 30 ದಿನ ಇರುತ್ತದೆ.